ಮೊದಲ ಮಹಡಿಯ 2 ಬಿಎಚ್‌ಕೆಗೆ ಎಷ್ಟು ಬಾಡಿಗೆ ಹೇಳಲಿ? (ಚಂದ್ರಾ ಲೇಔಟ್, ಬೆಂಗಳೂರು)

ಕೆಳಗಿನ ಮನೆ

ನಮಸ್ಕಾರ. ನಮ್ಮದು ಚಂದ್ರಾ ಲೇಔಟಿನಲ್ಲಿ ಮೂವತ್ತು-ನಲವತ್ತು ಸೈಟು. ಕೆಳಗೆ ನಾವಿದ್ದೇವೆ. ಮೇಲಿನ ಮನೆಯವರು ನಾಲ್ಕು ವರ್ಷ ಇದ್ದು ಹೋದ ವಾರ ವರ್ಗವಾಗಿ ಹುಬ್ಬಳ್ಳಿಗೆ ಹೋದರು. ಅವರು ಕೊಡುತ್ತಿದ್ದದ್ದು 19,000. ಒಳ್ಳೆಯ ಜನ ಅಂತ ನಡುವೆ ಒಂದೇ ಸಲ ಜಾಸ್ತಿ ಮಾಡಿದ್ದೆವು.

ಈಗ ಮನೆಯಲ್ಲಿ ಗಲಾಟೆ. ಅಳಿಯ 30,000 ಹೇಳಿ ಅನ್ನುತ್ತಾನೆ. ನಮ್ಮ ಯಜಮಾನರು 20,000 ಬಂದರೆ ಸಾಕು, ಯಾರ ಹತ್ತಿರವೂ ಚೌಕಾಸಿ ಬೇಡ ಅನ್ನುತ್ತಾರೆ. ನನಗೆ ಎರಡೂ ಸರಿ ಅನ್ನಿಸುತ್ತಿಲ್ಲ.

ಮನೆ ಒಂಬತ್ತೂವರೆ ಚದರ. ಎರಡು ರೂಮು, ಎರಡು ಬಾತ್‌ರೂಮು, ರಸ್ತೆ ಕಡೆ ಬಾಲ್ಕನಿ. ಸೋಲಾರ್ ಇದೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಸಂಪು ದೊಡ್ಡದು, ಟ್ಯಾಂಕರ್ ಕರೆಸಿದ್ದೇ ಇಲ್ಲ. ಕರೆಂಟ್ ಮೀಟರ್ ಬೇರೆ. ಬೈಕ್ ನಿಲ್ಲಿಸಬಹುದು, ಕಾರಿಗೆ ಜಾಗ ಇಲ್ಲ, ಅಲ್ಲಿ ನಮ್ಮದೇ ಕಾರು. ಅಡ್ವಾನ್ಸ್ ಒಂದೂವರೆ ಲಕ್ಷ ಅಂದುಕೊಂಡಿದ್ದೇವೆ. ನೀರಿಗೆ ತಿಂಗಳಿಗೆ 500 ಬೇರೆ. ನ್ಯಾಯವಾದ ಬಾಡಿಗೆ ಎಷ್ಟು, ಅದನ್ನು ಲೆಕ್ಕ ಹಾಕುವುದು ಹೇಗೆ?

ಎಕ್ಸೆಲ್ ಶೀಟ್

ಇದಕ್ಕೆ ಊಹೆ ಬೇಡ ಆಂಟಿ. ನಿಮ್ಮ ಏರಿಯಾದ 2 ಬಿಎಚ್‌ಕೆ ಜಾಹೀರಾತು ಎಲ್ಲಾ ತೆಗೆದು ನೋಡಿದೆ. 14 ಸಿಕ್ಕವು. ಸರಾಸರಿ 28,400. ಇದರ ಮೇಲೆ ಸೋಲಾರಿಗೆ 500, ಅತ್ತಿಗುಪ್ಪೆ ಮೆಟ್ರೋ ಹತ್ತಿರ ಇರುವುದಕ್ಕೆ 1,000 ಸೇರಿಸಿ. 29,900. ನಿಮ್ಮ ಅಳಿಯ ಹೇಳಿದ್ದೇ ಸರಿ.

ಭೋಗ್ಯ ಬೇಡಪ್ಪ

ಮೇಡಂ, ಲೀಸಿಗೆ ಮಾತ್ರ ಕೊಡಬೇಡಿ. ನಮ್ಮ ಚಿಕ್ಕಪ್ಪ 12 ಲಕ್ಷಕ್ಕೆ ಭೋಗ್ಯಕ್ಕೆ ಹಾಕಿ, ಆ ದುಡ್ಡಿನಲ್ಲಿ ಮಗಳ ಮದುವೆ ಮಾಡಿದರು. ಮೂರು ವರ್ಷ ಆದಮೇಲೆ ವಾಪಸ್ ಕೊಡಲು ಸಾಲ ಮಾಡಬೇಕಾಯಿತು. ಈಗಲೂ ಬಡ್ಡಿ ಕಟ್ಟುತ್ತಿದ್ದಾರೆ.

ಕೆಳಗಿನ ಮನೆ

ಭೋಗ್ಯಕ್ಕಲ್ಲ ಸರ್, ತಿಂಗಳ ಬಾಡಿಗೆಗೇ. ಆದರೂ ಹೇಳಿದ್ದಕ್ಕೆ ಥ್ಯಾಂಕ್ಸ್.

ಹಳೇ ಬ್ರೋಕರ್

ವಿಜಯನಗರ, ಅತ್ತಿಗುಪ್ಪೆ ಕಡೆ ಇಪ್ಪತ್ತೆರಡು ವರ್ಷ ಮನೆ ತೋರಿಸಿದ್ದೇನೆ. ಈಗ ನಿಲ್ಲಿಸಿದ್ದೇನೆ, ಹಾಗಾಗಿ ಕಮಿಷನ್ ಆಸೆ ಇಲ್ಲ.

ಎಕ್ಸೆಲ್ ಅವರೇ, ಆ 14ರ ಫೋಟೋಗಳನ್ನು ಸ್ವಲ್ಪ ಗಮನಿಸಿ ನೋಡಿ. ಒಂದೇ ಮನೆಯನ್ನು ಮೂರು ಬ್ರೋಕರ್ ಹಾಕಿರುತ್ತಾರೆ. ಒಬ್ಬ 26, ಇನ್ನೊಬ್ಬ 28, ಮತ್ತೊಬ್ಬ 29. ಅಡುಗೆಮನೆ ಟೈಲ್ಸ್ ನೋಡಿದರೆ ಗೊತ್ತಾಗುತ್ತದೆ, ಅಥವಾ ಕಿಟಕಿ ಗ್ರಿಲ್ಲಿನ ಡಿಸೈನ್. ಅದನ್ನು ಮೂರು ಮನೆ ಅಂತ ಎಣಿಸಬಾರದು. ಆಮೇಲೆ ಅದರಲ್ಲಿ ಅಪಾರ್ಟ್‌ಮೆಂಟ್ ಎಷ್ಟಿವೆ? ಲಿಫ್ಟ್, ಜನರೇಟರ್, ಸೆಕ್ಯೂರಿಟಿ ಇರುವ ಫ್ಲಾಟನ್ನೂ ಓನರ್ ಕೆಳಗಿರುವ ಮೊದಲ ಮಹಡಿಯನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಅದನ್ನು ಹುಡುಕುವ ಜನವೇ ಬೇರೆ.

ಎಲ್ಲಕ್ಕಿಂತ ದೊಡ್ಡದು ಇದು. ಜಾಹೀರಾತಿನಲ್ಲಿ ಕಾಣುವುದು ಕೇಳಿದ ಬಾಡಿಗೆ, ಕೊಟ್ಟ ಬಾಡಿಗೆಯಲ್ಲ. ಸರಿಯಾದ ಬೆಲೆಯ ಮನೆ ಹತ್ತು ದಿನದಲ್ಲಿ ಹೋಗುತ್ತದೆ, ಜಾಹೀರಾತೂ ಹೋಗುತ್ತದೆ. ದುಬಾರಿ ಹೇಳಿದವು ಎರಡು ತಿಂಗಳು ಅಲ್ಲೇ ಕೂತಿರುತ್ತವೆ. ಹಾಗಾಗಿ ನೀವು ಯಾವ ದಿನ ತೆಗೆದು ನೋಡಿದರೂ ಹೋಗದೆ ಉಳಿದ ಮನೆಗಳೇ ಜಾಸ್ತಿ ಕಾಣುತ್ತವೆ. ಅವುಗಳ ಸರಾಸರಿ ಅಂದರೆ ಯಾರೂ ಕೊಡದ ಬಾಡಿಗೆಯ ಸರಾಸರಿ.

ಮೇಡಂ, ಒಂದು ಕೆಲಸ ಮಾಡಿ. ನಿಮ್ಮ ಸುತ್ತಮುತ್ತ ನಾಲ್ಕೈದು ರಸ್ತೆಯಲ್ಲಿ ಈ ಎರಡು ಮೂರು ತಿಂಗಳಲ್ಲಿ ಟು-ಲೆಟ್ ಬೋರ್ಡ್ ತೆಗೆದ ಮನೆಗಳು ಯಾವುವು? ನಿಮ್ಮ ಥರದ್ದೇ ಮೂರು ಸಾಕು. ಎಷ್ಟಕ್ಕೆ ಹೋಯಿತು, ಅಡ್ವಾನ್ಸ್ ಎಷ್ಟು, ನೀರು-ಮೇಂಟೆನೆನ್ಸ್ ಒಳಗೋ ಹೊರಗೋ, ಕಾರ್ ಪಾರ್ಕಿಂಗ್ ಇದೆಯೋ, ಯಾವ ಮಹಡಿ. ಇಷ್ಟು ಕೇಳಿಕೊಂಡು ಬನ್ನಿ. ಹಾಲಿನವರು, ಇಸ್ತ್ರಿ ಅಂಗಡಿಯವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಎಕ್ಸೆಲ್ ಶೀಟ್

ಚೆಕ್ ಮಾಡಿದೆ. 14ರಲ್ಲಿ 5 ಅಪಾರ್ಟ್‌ಮೆಂಟ್. 3 ರಿಪೀಟ್. ಉಳಿದ 6ರ ಸರಾಸರಿ 25,500. ಸರಿ, ಅಷ್ಟು ಒಪ್ಪುತ್ತೇನೆ. ಆದರೆ ಸೋಲಾರ್, ಮೆಟ್ರೋ ಅಂತ 1,500 ಸೇರಿಸಲೇಬೇಕಲ್ವಾ?

ಹಳೇ ಬ್ರೋಕರ್

ಮೆಟ್ರೋಗೆ ಯಾಕೆ ಸೇರಿಸುತ್ತೀರಿ? ಆ ಆರು ಮನೆಗಳೂ ಅದೇ ಮೆಟ್ರೋ ಹತ್ತಿರವೇ ಇವೆ. ಅವರ ಬಾಡಿಗೆಯಲ್ಲಿ ಮೆಟ್ರೋ ಆಗಲೇ ಸೇರಿಹೋಗಿದೆ. ನೀವು ಮತ್ತೆ ಸೇರಿಸಿದರೆ ಒಂದೇ ವಸ್ತುವಿಗೆ ಎರಡು ಸಲ ದುಡ್ಡು ಕೇಳಿದ ಹಾಗೆ. ಎರಡೂ ಮನೆಗೆ ಸಮಾನವಾಗಿರುವುದನ್ನು ಮುಟ್ಟಬಾರದು. ವ್ಯತ್ಯಾಸ ಇರುವುದನ್ನು ಮಾತ್ರ ನೋಡಬೇಕು.

ಮಂಗ್ಳೂರು ಕಡೆಯವಳು

ನನ್ನ ಕತೆ ಕೇಳಿ. ಕದ್ರಿಯಲ್ಲಿ ನಮ್ಮ ಫ್ಲಾಟಿಗೆ 2.2 ಲಕ್ಷ ಖರ್ಚು ಮಾಡಿ ಮಾಡ್ಯುಲರ್ ಕಿಚನ್ ಹಾಕಿಸಿದೆ. ತಿಂಗಳಿಗೆ 4,000 ಜಾಸ್ತಿ ಹೇಳಿದೆ, ನಾಲ್ಕೂವರೆ ವರ್ಷದಲ್ಲಿ ಅಸಲು ಬರುತ್ತದೆ ಅಂತ. ನೋಡಲು ಬಂದವರೆಲ್ಲ ಕಿಚನ್ ಚೆಂದ ಇದೆ ಅಂದರು, ಫೋಟೋ ತೆಗೆದುಕೊಂಡರು, ಪಕ್ಕದ ಬ್ಲಾಕಿನಲ್ಲಿ ಮನೆ ಹಿಡಿದರು. ಕೊನೆಗೆ ಪಕ್ಕದ ಫ್ಲಾಟಿಗಿಂತ 700 ಜಾಸ್ತಿಗೆ ಹೋಯಿತು. ನಾವು ಹಾಕಿದ ದುಡ್ಡಿಗೂ ಅವರು ಕೊಡುವ ದುಡ್ಡಿಗೂ ಸಂಬಂಧವೇ ಇಲ್ಲ ಮಾರಾಯ್ರೆ.

ಕೆಳಗಿನ ಮನೆ

ಇಸ್ತ್ರಿ ಅಂಗಡಿಯವರ ಐಡಿಯಾ ಚೆನ್ನಾಗಿತ್ತು. ಮೂರು ಮನೆ ಸಿಕ್ಕಿವೆ.

ಒಂದನೆಯದು ಹಿಂದಿನ ರಸ್ತೆ. ಎರಡನೇ ಮಹಡಿ, ಲಿಫ್ಟ್ ಇಲ್ಲ, ನಮ್ಮಷ್ಟೇ ದೊಡ್ಡದು. ಕಾರ್ ಪಾರ್ಕಿಂಗ್ ಇಲ್ಲ, ಸೋಲಾರ್ ಇಲ್ಲ, ಮಾಮೂಲಿ ಗೀಸರ್. 25,000 ಅಂತ ಹಾಕಿದ್ದರಂತೆ, 23,000ಕ್ಕೆ ಹೋಯಿತು. ಅಡ್ವಾನ್ಸ್ ಒಂದೂವರೆ ಲಕ್ಷ, ನೀರು ಬೇರೆ.

ಎರಡನೆಯದು ಎರಡು ರಸ್ತೆ ಆಚೆ. ಮೊದಲ ಮಹಡಿ, ನಮ್ಮಷ್ಟೇ ದೊಡ್ಡದು, ಸೋಲಾರ್ ಇದೆ. ಒಳಗೆ ಕಾರ್ ಪಾರ್ಕಿಂಗ್ ಇದೆ, ಎರಡು ರೂಮಿಗೂ ವಾರ್ಡ್‌ರೋಬ್ ಮಾಡಿಸಿದ್ದಾರೆ. ನಮ್ಮಲ್ಲಿ ವಾರ್ಡ್‌ರೋಬ್ ಇಲ್ಲ, ಬರೀ ಸಜ್ಜಾ. 27,000, ನೀರೂ ಅದರಲ್ಲೇ. ಆದರೆ ಅಡ್ವಾನ್ಸ್ ಮೂರು ಲಕ್ಷ.

ಮೂರನೆಯದು ನಮ್ಮ ರಸ್ತೆಯದ್ದೇ. ಕೆಳಗಡೆ, ಹಿಂಭಾಗದ ಮನೆ. ಎಂಟು ಚದರ, ಒಂದೇ ಬಾತ್‌ರೂಮು, ಹಗಲಲ್ಲೂ ಲೈಟ್ ಬೇಕು. ಸೋಲಾರ್ ಇದೆ, ಅಡ್ವಾನ್ಸ್ ಒಂದೂವರೆ ಲಕ್ಷ, ನೀರು ಬೇರೆ. 20,000ಕ್ಕೆ ಕೊಟ್ಟಿದ್ದಾರೆ.

ಎಕ್ಸೆಲ್ ಶೀಟ್

ಒಂದನೆಯದಕ್ಕಿಂತ ನಿಮ್ಮದು ಒಂದು ಮಹಡಿ ಕೆಳಗೆ. ಅಂದರೆ 700 ಕಡಿಮೆ ಮಾಡಬೇಕು, 22,300.

ಹಳೇ ಬ್ರೋಕರ್

ಉಲ್ಟಾ ಆಯಿತು! ಎಲ್ಲರೂ ಎಡವುವುದು ಇಲ್ಲೇ. ಲಿಫ್ಟ್ ಇಲ್ಲದ ಕಟ್ಟಡದಲ್ಲಿ ಎರಡನೇ ಮಹಡಿಯೇ ಕಷ್ಟ, ಮೊದಲನೆಯದು ಸುಲಭ. ಗ್ಯಾಸ್ ಸಿಲಿಂಡರ್ ಹೊರುವವನನ್ನು ಕೇಳಿ. ಆ ಮನೆಯನ್ನು ನಿಮ್ಮ ಮನೆಯ ಹಾಗೆ ಮಾಡಿದರೆ ಎಷ್ಟಕ್ಕೆ ಹೋಗುತ್ತಿತ್ತು ಅಂತ ಯೋಚಿಸಬೇಕು. ಅದರಲ್ಲಿ ಇಲ್ಲದ್ದು ನಿಮ್ಮಲ್ಲಿದ್ದರೆ ಅದರ ಬಾಡಿಗೆಗೆ ಸೇರಿಸಿ. ಅದರಲ್ಲಿ ಇದ್ದು ನಿಮ್ಮಲ್ಲಿ ಇಲ್ಲದಿದ್ದರೆ ಕಳೆಯಿರಿ.

ಒಂದನೆಯದು 23,000. ಮಹಡಿಗೆ 700 ಸೇರಿಸೋಣ. ಸೋಲಾರಿಗೆ 300, ಅದಕ್ಕಿಂತ ಜಾಸ್ತಿ ಇಲ್ಲ, ಮಳೆಗಾಲದಲ್ಲಿ ಹೇಗೂ ಗೀಸರ್ ಹಾಕಬೇಕು. 24,000 ಆಯಿತು.

ಎರಡನೆಯದು 27,000. ನೀರು ಒಳಗಿದೆ, 500 ಕಳೆಯಿರಿ. ಕಾರ್ ಪಾರ್ಕಿಂಗಿಗೆ 2,000 ಕಳೆಯಿರಿ. ವಾರ್ಡ್‌ರೋಬಿಗೆ 500 ಕಳೆಯಿರಿ. 24,000. ಇನ್ನು ಅಡ್ವಾನ್ಸ್. ಅವರು ನಿಮಗಿಂತ ಒಂದೂವರೆ ಲಕ್ಷ ಜಾಸ್ತಿ ಇಟ್ಟುಕೊಂಡಿದ್ದಾರೆ. ಎಫ್‌ಡಿಗೆ ಶೇ 7 ಅಂತ ಇಟ್ಟುಕೊಂಡರೆ ವರ್ಷಕ್ಕೆ 10,500, ತಿಂಗಳಿಗೆ 875. ಅದೂ ಓನರಿಗೆ ಬರುವ ಬಾಡಿಗೆಯೇ, ಕಣ್ಣಿಗೆ ಕಾಣದು ಅಷ್ಟೇ. ಹಾಗಾಗಿ ಸೇರಿಸಬೇಕು. 24,875.

ಮೂರನೆಯದು 20,000. ಎರಡನೇ ಬಾತ್‌ರೂಮಿಗೆ 1,000, ಗಾಳಿ-ಬೆಳಕಿಗೆ 1,000, ಜಾಸ್ತಿ ಇರುವ ಒಂದೂವರೆ ಚದರಕ್ಕೆ 1,500. 23,500. ಆದರೆ ಇಪ್ಪತ್ತು ಸಾವಿರದ ಮನೆಗೆ ಮೂರೂವರೆ ಸಾವಿರ ತೇಪೆ ಹಾಕಿದ್ದೇವೆ. ಇಷ್ಟು ತೇಪೆ ಬೇಕಾದರೆ ಅದು ನಿಮ್ಮ ಮನೆಯ ಜೋಡಿಯಲ್ಲ ಅಂತಲೇ ಅರ್ಥ. ನಾನಾದರೆ ಮೊದಲಿನ ಎರಡನ್ನು ನಂಬುತ್ತೇನೆ, ಇದನ್ನು ಸುಮ್ನೆ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ.

ಬಾಡಿಗೆ ಮನೆ ಬಾಲ್ಯ

ಪಾರ್ಕಿಂಗಿಗೆ 2,000 ಎಲ್ಲಿಂದ ಬಂತು ಸರ್? ವಾರ್ಡ್‌ರೋಬಿಗೆ 500 ಎಲ್ಲಿಂದ? ಎಲ್ಲ ಬಾಯಿಗೆ ಬಂದದ್ದಾದರೆ ಲೆಕ್ಕ ಅಂತ ಯಾಕೆ ಅನ್ನಬೇಕು? ನಾನು ಬಾಡಿಗೆದಾರ. ನನ್ನ ಓನರ್ ಹೀಗೇ ಒಂದೊಂದಕ್ಕೂ ಒಂದೊಂದು ಸಂಖ್ಯೆ ಹೇಳುತ್ತಾರೆ.

ಹಳೇ ಬ್ರೋಕರ್

ಒಳ್ಳೆಯ ಪ್ರಶ್ನೆ. ಪಾರ್ಕಿಂಗಿನದ್ದು ಬಾಯಿಗೆ ಬಂದದ್ದಲ್ಲ. ಒಂದೇ ಕಟ್ಟಡದಲ್ಲಿ ಅಕ್ಕಪಕ್ಕದ ಎರಡು ಮನೆ, ಎಲ್ಲಾ ಒಂದೇ, ಒಂದಕ್ಕೆ ಮಾತ್ರ ಕಾರ್ ಜಾಗ. ಅಂಥ ಜೋಡಿಗಳನ್ನು ನಾನೇ ಕೊಡಿಸಿದ್ದೇನೆ, ಈಚೆಗಿನ ವರ್ಷಗಳಲ್ಲಿ ವ್ಯತ್ಯಾಸ ಹೆಚ್ಚುಕಮ್ಮಿ ಎರಡು ಸಾವಿರವೇ. ಇನ್ನೊಂದು ದಾರಿಯೂ ಇದೆ. ನಿಮ್ಮ ರಸ್ತೆಯಲ್ಲಿ ಖಾಲಿ ಸೈಟಿನವರು ಕಾರ್ ನಿಲ್ಲಿಸಲು ತಿಂಗಳಿಗೆ ಎಷ್ಟು ತೆಗೆದುಕೊಳ್ಳುತ್ತಾರೆ ಕೇಳಿ. ಮನೆಯೊಳಗಿನ ಜಾಗ ಅದಕ್ಕಿಂತ ಸ್ವಲ್ಪ ಜಾಸ್ತಿ ಬಾಳುತ್ತದೆ.

ವಾರ್ಡ್‌ರೋಬಿನದ್ದು ಅಂದಾಜು, ಒಪ್ಪುತ್ತೇನೆ. 300 ಅನ್ನಿ, 800 ಅನ್ನಿ, ಜಗಳ ಆಡಲ್ಲ. ಅದಕ್ಕೇ ಒಂದೇ ಮನೆ ನೋಡಿ ತೀರ್ಮಾನ ಮಾಡಬಾರದು.

ಕೆಳಗಿನ ಮನೆ

ನಮ್ಮ ರಸ್ತೆ ತುದಿಯ ಸೈಟಿನಲ್ಲಿ ಕಾರಿಗೆ 1,500. ಈಗಷ್ಟೇ ಕೇಳಿಕೊಂಡು ಬಂದೆ.

ಎಕ್ಸೆಲ್ ಶೀಟ್

ಮೂರನೆಯದರ ಲೆಕ್ಕ ನನಗೆ ಹಿಡಿಸಲಿಲ್ಲ. ಎಂಟು ಚದರಕ್ಕೆ 20,000 ಅಂದರೆ ಚದರಕ್ಕೆ 2,500. ಒಂದೂವರೆ ಚದರಕ್ಕೆ 3,750 ಬರಬೇಕು. ನೀವು 1,500 ಮಾತ್ರ ಹಾಕಿದ್ದೀರಿ. ಸರಿಯಾಗಿ ಹಾಕಿದರೆ 25,750.

ಹಳೇ ಬ್ರೋಕರ್

ಆ 20,000 ಬರೀ ನೆಲಕ್ಕಲ್ಲ. ಅಡುಗೆಮನೆ, ಬಾತ್‌ರೂಮು, ನೀರು, ಬಾಗಿಲು, ವಿಳಾಸ ಎಲ್ಲಾ ಸೇರಿ. ಎಂಟು ಚದರದ ಮನೆಗೂ ಅಡುಗೆಮನೆ ಒಂದೇ, ಒಂಬತ್ತೂವರೆಗೂ ಒಂದೇ. ಜಾಸ್ತಿ ಆಗಿದ್ದು ಹಾಲಿನ ಎರಡಡಿ, ರೂಮಿನ ಎರಡಡಿ. ಅದಕ್ಕೆ ಪೂರ್ತಿ ದರ ಯಾರೂ ಕೊಡಲ್ಲ. ಆಮೇಲೆ ಎರಡನೇ ಬಾತ್‌ರೂಮಿಗೆ ಬೇರೆ 1,000 ಹಾಕಿದ್ದೇವಲ್ಲ, ಆ ಬಾತ್‌ರೂಮು ಕೂತಿರುವುದೂ ಆ ಒಂದೂವರೆ ಚದರದಲ್ಲೇ.

ಎಕ್ಸೆಲ್ ಶೀಟ್

ಬಾತ್‌ರೂಮಿನ ಮಾತು ಸರಿ. ಆದರೆ 1,500 ಕಡಿಮೆಯೇ. ನಾನು 2,200 ಹಾಕುತ್ತೇನೆ.

ಬಾಡಿಗೆ ಮನೆ ಬಾಲ್ಯ

ಮೂರನೆಯದು ಯಾವಾಗ ಹೋಯಿತು ಮೇಡಂ?

ಕೆಳಗಿನ ಮನೆ

ಹೋದ ತಿಂಗಳು. ಆಷಾಢದಲ್ಲೇ ಬಂದರು ಅಂತ ನಮ್ಮ ಎದುರುಮನೆಯವರು ಮೂಗು ಮುರಿದಿದ್ದರು.

ಬಾಡಿಗೆ ಮನೆ ಬಾಲ್ಯ

ಅದನ್ನೇ ಕೇಳಿದ್ದು. ಆಷಾಢದಲ್ಲಿ ಯಾರೂ ಹಾಲು ಉಕ್ಕಿಸಲ್ಲ. ನಾನು ಬೇಕೆಂದೇ ಆಷಾಢದಲ್ಲಿ ಮನೆ ಹುಡುಕುವವನು. ಎರಡು ಸಲ ಹಾಗೇ ಸಾವಿರ, ಸಾವಿರದೈನೂರು ಇಳಿಸಿದ್ದೇನೆ. ಆ 20,000 ಮನೆಯ ಬೆಲೆಯಲ್ಲ, ತಿಂಗಳ ಬೆಲೆ. ಈಗ ಶ್ರಾವಣ, ಈಗ ಅದೇ ಮನೆ 21,000ಕ್ಕಾದರೂ ಹೋಗುತ್ತಿತ್ತು.

ಹಳೇ ಬ್ರೋಕರ್

ಇದು ನನಗೆ ಹೊಳೆಯಲಿಲ್ಲ ನೋಡಿ. ಹಾಗಾದರೆ ಮೂರನೆಯದೂ 24,500 ಹತ್ತಿರ ಬರುತ್ತದೆ. ಮೂರೂ 24,000ದಿಂದ 25,000ದ ಒಳಗೆ ಬಂದು ಕೂತವು. ಮೂರೂ ಬೇರೆಬೇರೆ ದಾರಿಯಲ್ಲಿ ಬಂದು ಹತ್ತಿರ ಹತ್ತಿರ ಸೇರಿದರೆ ಲೆಕ್ಕ ಪರವಾಗಿಲ್ಲ ಅಂತ. ಒಂದು 21, ಇನ್ನೊಂದು 28 ಬಂದಿದ್ದರೆ ಯಾವುದೋ ಮನೆಯಲ್ಲಿ ನಮಗೆ ಗೊತ್ತಿಲ್ಲದ ವಿಷಯ ಇದೆ ಅಂತ ಅರ್ಥ. ಸಂಬಂಧಿಕರಿಗೆ ಕೊಟ್ಟಿರಬಹುದು, ನೀರಿನ ತೊಂದರೆ ಇರಬಹುದು.

ಕೆಳಗಿನ ಮನೆ

ಹಾಗಾದರೆ 24,500? ಅಳಿಯ ಈಗ 26,000ಕ್ಕೆ ಇಳಿದಿದ್ದಾನೆ. ಕಾದರೆ ಯಾರಾದರೂ ಕೊಡುತ್ತಾರೆ ಅನ್ನುತ್ತಾನೆ.

ಎಕ್ಸೆಲ್ ಶೀಟ್

ಇದರ ಲೆಕ್ಕ ನಾನು ಹೇಳುತ್ತೇನೆ, ಇದರಲ್ಲಿ ನನ್ನನ್ನು ಯಾರೂ ಬೀಳಿಸಲ್ಲ. 24,500 ಅಂದರೆ ದಿನಕ್ಕೆ ಸುಮಾರು 817. 26,000 ಸಿಕ್ಕರೆ ತಿಂಗಳಿಗೆ 1,500 ಜಾಸ್ತಿ, ಹನ್ನೊಂದು ತಿಂಗಳ ಅಗ್ರಿಮೆಂಟಿಗೆ 16,500. ಅದನ್ನು 817ರಿಂದ ಭಾಗಿಸಿ. 20 ದಿನ. ಮನೆ 20 ದಿನ ಜಾಸ್ತಿ ಖಾಲಿ ಇದ್ದರೆ ಅಳಿಯನ ಲಾಭ ಪೂರ್ತಿ ಹೋಯಿತು. ಒಂದು ತಿಂಗಳು ಖಾಲಿ ಇದ್ದರೆ ಕೈಯಿಂದ 8,000 ನಷ್ಟ.

ಹಳೇ ಬ್ರೋಕರ್

ಇದು ನಿಜವಾದ ಲೆಕ್ಕ. ಜೊತೆಗೆ ಒಂದು ಮಾತು. ಗಣೇಶನ ಹಬ್ಬ ಮುಗಿದ ಮೇಲೆ ಪಿತೃಪಕ್ಷ ಬರುತ್ತದೆ. ಆಗ ಮತ್ತೆ ಯಾರೂ ಮನೆ ಬದಲಾಯಿಸಲ್ಲ. 25,000 ಅಂತ ಬೋರ್ಡ್ ಹಾಕಿ, 24,000ದವರೆಗೆ ಇಳಿಯಿರಿ. ಎರಡು ವಾರದಲ್ಲಿ ಎಷ್ಟು ಜನ ನೋಡಿಕೊಂಡು ಹೋದರು ಎಣಿಸಿ. ಹತ್ತು ಜನ ಬಂದು ಒಬ್ಬರೂ ಚೌಕಾಸಿ ಕೂಡ ಮಾಡದಿದ್ದರೆ ಬಾಡಿಗೆ ಜಾಸ್ತಿ ಆಯಿತು ಅಂತ. ಮೊದಲ ದಿನವೇ ಮೂವರು ಟೋಕನ್ ಅಡ್ವಾನ್ಸ್ ಕೊಡಲು ನಿಂತರೆ ಕಡಿಮೆ ಹೇಳಿದಿರಿ ಅಂತ.

ಮೀಟರ್ ಬೇರೆ ಇದೆ ಅಂತ ಬೋರ್ಡಿನಲ್ಲೇ ಬರೆಯಿರಿ. ಗೃಹಜ್ಯೋತಿ ಬಂದಮೇಲೆ ಜನ ಮೊದಲು ಕೇಳುವುದೇ ಅದು. ಹಳೆಯ ಬಾಡಿಗೆದಾರರ ಆಧಾರ್ ಆ ಮೀಟರಿಗೆ ಜೋಡಣೆ ಆಗಿದ್ದರೆ ತೆಗೆಸಲು ಅವರಿಗೆ ಫೋನ್ ಮಾಡಿ.

ಬಾಡಿಗೆ ಮನೆ ಬಾಲ್ಯ

ಒಂದು ವಿಷಯ ಯಾರೂ ಹೇಳಲಿಲ್ಲ. ಓನರ್ ಕೆಳಗೇ ಇರುವುದಕ್ಕೆ ಎಷ್ಟು ಕಳೆಯಬೇಕು? ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ, ನೆಂಟರು ಬಂದರೆ ಯಾರು ಅಂತ ಪ್ರಶ್ನೆ, ಮೋಟರ್ ಹಾಕಿದರೆ ಕಣ್ಣು. ನಾನಾದರೆ ಸಾವಿರ ಕಳೆಯುತ್ತೇನೆ.

ಮಂಗ್ಳೂರು ಕಡೆಯವಳು

ನಾನು ಸಾವಿರ ಸೇರಿಸುತ್ತೇನೆ! ನಮ್ಮ ಮಗಳು ಬೆಂಗಳೂರಿನಲ್ಲಿದ್ದಾಗ ಕೆಳಗೆ ಓನರ್ ಆಂಟಿ ಇದ್ದಾರೆ ಅಂತಲೇ ಆ ಮನೆ ಹಿಡಿದದ್ದು. ನಲ್ಲಿ ಸೋರಿದರೆ ಅದೇ ದಿನ ಪ್ಲಂಬರ್ ಬರುತ್ತಿದ್ದ.

ಹಳೇ ಬ್ರೋಕರ್

ಇದಕ್ಕೆ ನನ್ನ ಹತ್ತಿರ ಸಂಖ್ಯೆ ಇಲ್ಲ. ಓನರ್ ಯಾರು ಅನ್ನುವುದರ ಮೇಲೆ ಹೋಗುತ್ತದೆ. ಆದರೆ ಮೇಡಂ, ಸಸ್ಯಾಹಾರಿಗಳಿಗೆ ಮಾತ್ರ, ಫ್ಯಾಮಿಲಿಗೆ ಮಾತ್ರ ಅಂತ ಷರತ್ತು ಇದೆಯಾ? ಇದ್ದರೆ ಬರುವ ಜನ ಅರ್ಧ ಆಗುತ್ತಾರೆ. ಆಗ 25,000 ಹೇಳಿ ಕೂರಬೇಡಿ, 24,000ದಿಂದಲೇ ಶುರು ಮಾಡಿ. ನೀವು ನೋಡಿದ ಮೂರು ಮನೆಗಳಿಗೆ ಆ ಷರತ್ತು ಇತ್ತೋ ಇಲ್ಲವೋ ಅದೂ ಮುಖ್ಯ.

ಕೆಳಗಿನ ಮನೆ

ನಮ್ಮ ಯಜಮಾನರದ್ದು ಷರತ್ತು ಇದೆ. ನನ್ನದಿಲ್ಲ. ಅದನ್ನು ಮನೆಯೊಳಗೇ ಬಗೆಹರಿಸಿಕೊಳ್ಳಬೇಕು. ಗೇಟಿಗೆ ಬೀಗ ಹನ್ನೊಂದಕ್ಕೆ, ಒಂದು ಕೀ ಅವರಿಗೂ ಕೊಡುತ್ತೇವೆ.

ಕೆಳಗಿನ ಮನೆ (ಹನ್ನೆರಡು ದಿನದ ನಂತರ)

25,000 ಅಂತ ಬೋರ್ಡ್ ಹಾಕಿದೆವು. ಒಂಬತ್ತು ಜನ ನೋಡಿದರು. ಇಬ್ಬರು 22,000 ಕೇಳಿ ಹೋದರು. ನಾಲ್ವರು ಕಾರಿಗೆ ಜಾಗ ಇಲ್ಲ ಅಂದಕೂಡಲೇ ಮೆಟ್ಟಿಲೂ ಹತ್ತಲಿಲ್ಲ. ನಿನ್ನೆ ಬಂದ ಗಂಡ-ಹೆಂಡತಿ 24,000ಕ್ಕೆ ಒಪ್ಪಿದ್ದಾರೆ, ಅವರಲ್ಲಿ ಎರಡು ಸ್ಕೂಟರ್ ಮಾತ್ರ. ವಾರ್ಡ್‌ರೋಬ್ ಒಂದು ಮಾಡಿಸಿಕೊಟ್ಟರೆ 24,500 ಕೊಡುತ್ತಾರಂತೆ. ಬಡಗಿ ಒಂದಕ್ಕೆ 38,000 ಹೇಳಿದ.

ಮಂಗ್ಳೂರು ಕಡೆಯವಳು

ಬೇಡ ಮಾರಾಯ್ರೆ!

ಎಕ್ಸೆಲ್ ಶೀಟ್

38,000 ಭಾಗಿಸು 500. 76 ತಿಂಗಳು. ಆಂಟಿ, 24,000ಕ್ಕೆ ಕೊಟ್ಟುಬಿಡಿ.

ಕೆಳಗಿನ ಮನೆ

ಕೊಟ್ಟೆವು. ಭಾನುವಾರ ಹಾಲು ಉಕ್ಕಿಸುತ್ತಾರೆ. ಪೇಂಟಿಂಗಿಗೆ ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಹಿಡಿಯಬೇಕು ಅಂತ ಅಳಿಯ ಅಗ್ರಿಮೆಂಟಿನಲ್ಲಿ ಬರೆಸಿದ್ದಾನೆ. ಅವರು ಅರ್ಧ ತಿಂಗಳದ್ದು ಅನ್ನುತ್ತಿದ್ದಾರೆ. ಅದಿನ್ನೂ ಮುಗಿದಿಲ್ಲ.